ತುಂಬಿದ ಭಾಗವೇ ಕಡಿಮೆ ಉಸಿರಾಡುತ್ತದೆ: ಶ್ವಾಸಕೋಶ, ಗುರುತ್ವ ಮತ್ತು ನಮ್ಮ ಭಂಗಿ

ಬಲ ಶ್ವಾಸಕೋಶಕ್ಕೆ ಮಾತ್ರ ನ್ಯುಮೋನಿಯಾ ಆಗಿರುವ ಒಬ್ಬ ವಯಸ್ಕರು ಬಲ ಮಗ್ಗುಲಿಗೆ ಮಲಗಿದ್ದಾರೆ ಎಂದುಕೊಳ್ಳಿ. ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ 90 ತೋರಿಸುತ್ತಿದೆ. ಎಡ ಮಗ್ಗುಲಿಗೆ ಹೊರಳಿ ಸ್ವಲ್ಪ ಹೊತ್ತು ಕಳೆದ ಮೇಲೆ ಅದೇ ಯಂತ್ರ 93 ತೋರಿಸಬಹುದು. ಔಷಧ ಅದೇ, ಕೊಡುತ್ತಿರುವ ಆಮ್ಲಜನಕವೂ ಅಷ್ಟೇ. ಬದಲಾದದ್ದು ಎದೆಯ ಯಾವ ಭಾಗ ನೆಲದ ಕಡೆಗಿದೆ ಎಂಬುದೊಂದೇ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರನ್ನು ನರ್ಸ್ ಮತ್ತೆ ಮತ್ತೆ ಎಬ್ಬಿಸಿ ಕೂರಿಸುವುದು, ಕೋವಿಡ್ ಕಾಲದಲ್ಲಿ ರೋಗಿಗಳಿಗೆ ಬೋರಲು ಮಲಗಿ ಎಂದು ಹೇಳಿದ್ದು, ಇವುಗಳ ಹಿಂದೆಯೂ ಇರುವುದು ಇದೇ ವಿಷಯ: ಶ್ವಾಸಕೋಶದ ಎಲ್ಲ ಭಾಗಗಳೂ ಒಂದೇ ಸಮ ಉಸಿರಾಡುವುದಿಲ್ಲ, ಮತ್ತು ಯಾವ ಭಾಗ ಹೆಚ್ಚು ಉಸಿರಾಡಬೇಕು ಎಂಬುದರಲ್ಲಿ ಗುರುತ್ವದ ಕೈವಾಡ ದೊಡ್ಡದು.

## ಗಾಳಿ ಇರುವುದು ಬೇರೆ, ಗಾಳಿ ಆಡುವುದು ಬೇರೆ

ನೆಟ್ಟಗೆ ನಿಂತ ಅಥವಾ ಕೂತ ಮನುಷ್ಯನ ಶ್ವಾಸಕೋಶದಲ್ಲಿ ತುದಿಗಿಂತ ಬುಡಕ್ಕೆ ಗಾಳಿಯಾಟ ಹೆಚ್ಚು. ತುದಿ ಎಂದರೆ ಕೊರಳೆಲುಬಿನ ಹಿಂದೆ ಚೂಪಾಗಿ ಮುಗಿಯುವ ಮೇಲ್ಭಾಗ. ಬುಡ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯ ಮೇಲೆ ಕೂತಿರುವ ಅಗಲವಾದ ಕೆಳಭಾಗ. ಇದನ್ನು ಕೇಳಿದ ಕೂಡಲೇ ಬುಡದಲ್ಲಿ ಹೆಚ್ಚು ಗಾಳಿ ತುಂಬಿರುತ್ತದೆ ಎಂದು ಅನ್ನಿಸುವುದು ಸಹಜ. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಉಸಿರು ಬಿಟ್ಟು ಮುಗಿದ ಕ್ಷಣದಲ್ಲಿ ತುದಿಯ ಗಾಳಿಗೂಡುಗಳು, ಅಂದರೆ ಗಾಳಿ ತುಂಬುವ ಪುಟ್ಟ ಚೀಲಗಳು, ಚೆನ್ನಾಗಿ ಉಬ್ಬಿಕೊಂಡಿರುತ್ತವೆ, ಬುಡದವು ಕುಗ್ಗಿ ಸಣ್ಣಗಿರುತ್ತವೆ.

ಆದ್ದರಿಂದ ಎರಡು ಸಂಗತಿಗಳನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಒಂದು, ಒಂದು ಗೂಡಿನಲ್ಲಿ ಎಷ್ಟು ಗಾಳಿ ನಿಂತಿದೆ ಎಂಬುದು. ಇನ್ನೊಂದು, ಪ್ರತಿ ಉಸಿರಿಗೂ ಅದರೊಳಗೆ ಎಷ್ಟು ಹೊಸ ಗಾಳಿ ಬಂದು ಹೋಗುತ್ತದೆ ಎಂಬುದು. ರಕ್ತಕ್ಕೆ ಆಮ್ಲಜನಕ ಒದಗಿಸುವುದಕ್ಕೆ ಲೆಕ್ಕಕ್ಕೆ ಬರುವುದು ಎರಡನೆಯದು. ಈ ಲೇಖನದಲ್ಲಿ ಗಾಳಿಯಾಟ ಎಂದಾಗಲೆಲ್ಲ ಅದೇ ಅರ್ಥ.

## ಶ್ವಾಸಕೋಶವನ್ನು ಹಿಗ್ಗಿಸಿ ಹಿಡಿದಿರುವುದು ಯಾವುದು?

ಶ್ವಾಸಕೋಶಕ್ಕೆ ಸ್ವಂತ ಸ್ನಾಯುಬಲವಿಲ್ಲ. ಅದನ್ನು ಎದೆಗೂಡಿನಿಂದ ಹೊರತೆಗೆದರೆ ರಬ್ಬರಿನ ಹಾಗೆ ಕುಗ್ಗಿಬಿಡುತ್ತದೆ. ಎದೆಗೂಡಿನ ಒಳಗೋಡೆಗೂ ಶ್ವಾಸಕೋಶದ ಮೇಲ್ಮೈಗೂ ನಡುವೆ ಪ್ಲೂರಾ ಎಂಬ ಎರಡು ಪದರದ ಪೊರೆಯಿದೆ. ಆ ಪದರಗಳ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ತುಸು ದ್ರವವಿದೆ. ಶ್ವಾಸಕೋಶ ಒಳಕ್ಕೆ ಕುಗ್ಗಲು ಎಳೆಯುತ್ತದೆ, ಎದೆಗೂಡು ಹೊರಕ್ಕೆ ಅಗಲಿಸಲು ಎಳೆಯುತ್ತದೆ. ಈ ಜಗ್ಗಾಟದಿಂದ ಆ ಜಾಗದ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಕಡಿಮೆಯಾಗಿರುತ್ತದೆ. ಹೀಗೆ ಕಡಿಮೆಯಾದ ಒತ್ತಡವೇ ಶ್ವಾಸಕೋಶದ ಮೇಲ್ಮೈಯನ್ನು ಹೊರಕ್ಕೆ ಎಳೆದು, ಗೂಡುಗಳನ್ನು ತೆರೆದಿಡುತ್ತದೆ.

ಈ ಎಳೆತವನ್ನು ನೀರಿನ ಎತ್ತರದ ಲೆಕ್ಕದಲ್ಲಿ, ಅಂದರೆ ಇಷ್ಟು ಸೆಂಟಿಮೀಟರ್ ನೀರು ಎಂದು ಅಳೆಯುತ್ತಾರೆ. ನೆಟ್ಟಗೆ ಕೂತು ಸಾಧಾರಣವಾಗಿ ಉಸಿರು ಬಿಟ್ಟು ಮುಗಿಸಿದಾಗ ಅದು ಸರಾಸರಿ 5 ಸೆಂ.ಮೀ. ನೀರಿನಷ್ಟು. ವಪೆ ಕೆಳಗಿಳಿದು ಉಸಿರು ಒಳಗೆಳೆದಾಗ ಸುಮಾರು 8ಕ್ಕೆ ಏರುತ್ತದೆ. ಅಂದರೆ ಅರ್ಧ ಲೀಟರಿನಷ್ಟು ಗಾಳಿ ಒಳಗೆ ಬರುವುದಕ್ಕೆ 3 ಸೆಂ.ಮೀ. ನೀರಿನ ಹೆಚ್ಚುವರಿ ಎಳೆತ ಸಾಕು.

## ತನ್ನ ಭಾರಕ್ಕೆ ತಾನೇ ಜಗ್ಗುವ ಅಂಗ

ಮೇಲೆ ಹೇಳಿದ 5 ಎಂಬುದು ಸರಾಸರಿ. ತುದಿಯಲ್ಲಿ ಈ ಎಳೆತ ಸುಮಾರು 10, ಬುಡದಲ್ಲಿ ಸುಮಾರು 2.5. ಈ ವ್ಯತ್ಯಾಸಕ್ಕೆ ಕಾರಣ ಶ್ವಾಸಕೋಶದ ತೂಕ. ರಕ್ತವೂ ಸೇರಿದರೆ ಎರಡೂ ಶ್ವಾಸಕೋಶಗಳ ತೂಕ ಒಂದು ಕಿಲೋ ಸುಮಾರಿಗೆ ಬರುತ್ತದೆ. ಗಾಳಿ ತುಂಬಿದ ಆ ಅಂಗದ ಸಾಂದ್ರತೆ ನೀರಿನ ಕಾಲು ಭಾಗದಷ್ಟು.

ನೆನೆದ ಉಣ್ಣೆಯ ಸ್ವೆಟರನ್ನು ಭುಜದಿಂದ ತೂಗುಹಾಕಿದರೆ ಏನಾಗುತ್ತದೆ ನೋಡಿ. ಭುಜದ ಹತ್ತಿರದ ಹೆಣಿಗೆ ಕೆಳಗಿನದರ ಪೂರ್ತಿ ಭಾರ ಹೊರಬೇಕಾದ್ದರಿಂದ ಬಿಚ್ಚಿಕೊಂಡು ಅಗಲವಾಗುತ್ತದೆ. ಅಂಚಿನ ಹೆಣಿಗೆಗೆ ಹೊರಲು ಏನೂ ಇಲ್ಲ, ಅದು ಒತ್ತೊತ್ತಾಗಿಯೇ ಉಳಿಯುತ್ತದೆ. ಶ್ವಾಸಕೋಶದಲ್ಲೂ ಹೀಗೆಯೇ ತುದಿಯ ಗೂಡುಗಳು ಹಿಗ್ಗುತ್ತವೆ, ಬುಡದವು ಒತ್ತಾಗಿರುತ್ತವೆ. ಆದರೆ ಸ್ವೆಟರಿಗೂ ಶ್ವಾಸಕೋಶಕ್ಕೂ ಒಂದು ವ್ಯತ್ಯಾಸವಿದೆ. ಶ್ವಾಸಕೋಶ ಬರೀ ಮೇಲಿನಿಂದ ನೇತಾಡುತ್ತಿಲ್ಲ. ಅದನ್ನು ಸುತ್ತಲೂ ಎದೆಗೂಡು ಹಿಡಿದಿದೆ, ಕೆಳಗಿನಿಂದ ವಪೆ ಮತ್ತು ಹೊಟ್ಟೆಯ ಅಂಗಗಳು ಆಸರೆ ಕೊಟ್ಟಿವೆ. ಹೀಗಾಗಿ ಎದೆಗೂಡಿನ ಆಕಾರವೂ ಈ ಹಂಚಿಕೆಯ ಮೇಲೆ ಪ್ರಭಾವ ಬೀರುತ್ತದೆ. ಬೋರಲು ಮಲಗುವ ವಿಷಯ ಬಂದಾಗ ಇದು ಮುಖ್ಯವಾಗುತ್ತದೆ.

ಲೆಕ್ಕವನ್ನೂ ಒಮ್ಮೆ ತಾಳೆ ನೋಡಬಹುದು. ನೀರಿನ ಕಾಲು ಭಾಗ ಸಾಂದ್ರತೆಯ ವಸ್ತುವಿನಲ್ಲಿ ಪ್ರತಿ ಸೆಂಟಿಮೀಟರ್ ಕೆಳಗಿಳಿದಂತೆ ಒತ್ತಡ 0.25 ಸೆಂ.ಮೀ. ನೀರಿನಷ್ಟು ಬದಲಾಗಬೇಕು. ನೆಟ್ಟಗಿರುವ ಶ್ವಾಸಕೋಶದ ಎತ್ತರ ಸುಮಾರು 30 ಸೆಂ.ಮೀ. ಗುಣಿಸಿದರೆ 7.5. ತುದಿ ಮತ್ತು ಬುಡದ ನಡುವಿನ ವ್ಯತ್ಯಾಸವೂ ಅಷ್ಟೇ.

## ಒಂದೇ ಎಳೆತ, ಬೇರೆ ಬೇರೆ ಫಲ

ತುದಿಯನ್ನು ಹೆಚ್ಚು ಎಳೆದು ಹಿಡಿದಿದ್ದರೆ ಅಲ್ಲಿಗೇ ಹೆಚ್ಚು ಗಾಳಿ ಹೋಗಬೇಕಲ್ಲವೇ? ಹೋಗಿದೆ, ಆದರೆ ಈಗಾಗಲೇ ಹೋಗಿ ಕೂತಿದೆ. ಮುಂದಿನ ಉಸಿರಿಗೆ ಅಲ್ಲಿ ಹೆಚ್ಚು ಜಾಗವಿಲ್ಲ.

ಶ್ವಾಸಕೋಶದ ಅಂಗಾಂಶ ಎಲ್ಲ ಹಂತದಲ್ಲೂ ಒಂದೇ ಸಮ ಹಿಗ್ಗುವುದಿಲ್ಲ. ಸಣ್ಣಗಿರುವಾಗ ಸ್ವಲ್ಪ ಎಳೆದರೂ ಧಾರಾಳವಾಗಿ ಹಿಗ್ಗುತ್ತದೆ. ದೊಡ್ಡದಾಗುತ್ತ ಹೋದಂತೆ ಬಿಗಿಯುತ್ತದೆ. ಗೂಡಿನ ಗೋಡೆಯಲ್ಲಿರುವ ಕೊಲಾಜೆನ್ ನಾರುಗಳು ಪೂರ್ತಿ ನೆಟ್ಟಗಾಗುವಷ್ಟು ಎಳೆದ ಮೇಲೆ ಎಷ್ಟು ಜಗ್ಗಿದರೂ ಹೆಚ್ಚೇನೂ ಸಿಗುವುದಿಲ್ಲ. ಎಳೆತಕ್ಕೂ ಗಾತ್ರಕ್ಕೂ ಗೆರೆ ಹಾಕಿದರೆ ಅದು ಮೊದಲು ಕಡಿದಾಗಿ ಏರಿ, ಆಮೇಲೆ ಚಪ್ಪಟೆಯಾಗುತ್ತ ಬಾಗುತ್ತದೆ. ಬುಡದ ಗೂಡುಗಳಿರುವುದು ಕಡಿದಾದ ಏರಿನಲ್ಲಿ, ತುದಿಯವು ಚಪ್ಪಟೆ ಭಾಗದಲ್ಲಿ.

ಇಂಥ ಗೆರೆಗೆ ಹೊಂದುವ ಒಂದು ಸರಳ ಸೂತ್ರದಿಂದ ಅಂದಾಜು ಹಾಕೋಣ. ಎಳೆತ 10 ಇದ್ದಾಗ ತುದಿಯ ಗೂಡು ತನ್ನ ಗರಿಷ್ಠ ಗಾತ್ರದ 63 ಪ್ರತಿಶತ ತುಂಬಿರುತ್ತದೆ. ಎಳೆತ 2.5 ಇದ್ದಾಗ ಬುಡದ ಗೂಡು 22 ಪ್ರತಿಶತ ತುಂಬಿರುತ್ತದೆ. ಈಗ ಉಸಿರು ಎಳೆದುಕೊಳ್ಳಿ. ಎರಡೂ ಕಡೆ 3 ಸೆಂ.ಮೀ. ಎಳೆತ ಹೆಚ್ಚಾಯಿತು. ತುದಿ 63ರಿಂದ 73ಕ್ಕೆ ಹೋಯಿತು, ಬುಡ 22ರಿಂದ 42ಕ್ಕೆ ಹೋಯಿತು. ತುದಿಗೆ ಸಿಕ್ಕಿದ್ದು 10, ಬುಡಕ್ಕೆ ಸಿಕ್ಕಿದ್ದು 20, ಅಂದರೆ ಎರಡರಷ್ಟು. ಉಸಿರಿನ ಕೊನೆಯಲ್ಲೂ ತುದಿಯೇ ದೊಡ್ಡದಾಗಿದೆ ಎಂಬುದನ್ನು ಗಮನಿಸಿ. ಹೊಸ ಗಾಳಿಯ ಪಾಲಿನಲ್ಲಿ ಮಾತ್ರ ಬುಡ ಮುಂದಿದೆ.

ಇದು ಕಾಗದದ ಮೇಲಿನ ಊಹೆಯಲ್ಲ. ವಿಕಿರಣ ಸೂಸುವ ಜೆನಾನ್-133 ಅನಿಲವನ್ನು ಉಸಿರಿನ ಜೊತೆ ಎಳೆಸಿ, ಎದೆಯ ಮೇಲೆ ಬೇರೆ ಬೇರೆ ಎತ್ತರದಲ್ಲಿ ಇಟ್ಟ ಎಣಿಕೆಯಂತ್ರಗಳಿಂದ ಅಳೆದಾಗ, ಪ್ರತಿ ಘಟಕ ಗಾತ್ರಕ್ಕೆ ಬುಡಕ್ಕೆ ಹೋಗುವ ಗಾಳಿ ತುದಿಗಿಂತ ಹೆಚ್ಚೆಂದು ಕಂಡುಬಂತು. ಮಾಂಟ್ರಿಯಲ್‌ನ ಮಿಲಿಕ್-ಎಮಿಲಿ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಅಳತೆಗಳು ಈ ವಿಷಯದಲ್ಲಿ ಇಂದಿಗೂ ಆಧಾರ.

ರಕ್ತದ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ರಕ್ತ ಇನ್ನೂ ಭಾರ, ಹಾಗಾಗಿ ಅದು ಗಾಳಿಗಿಂತ ಹೆಚ್ಚು ಪಕ್ಷಪಾತದಿಂದ ಕೆಳಗೆ ಹರಿಯುತ್ತದೆ. ಬುಡದಲ್ಲಿ ಗಾಳಿಯೂ ಹೆಚ್ಚು, ರಕ್ತ ಅದಕ್ಕಿಂತ ಹೆಚ್ಚು. ತುದಿಯಲ್ಲಿ ಗಾಳಿ ಕಡಿಮೆ, ರಕ್ತ ತೀರಾ ಕಡಿಮೆ. ಹೀಗಾಗಿ ತುದಿಯಲ್ಲಿ ಬಂದ ಆಮ್ಲಜನಕವನ್ನು ಒಯ್ಯುವವರಿಲ್ಲದೆ ಅದರ ಸಾಂದ್ರತೆ ಹೆಚ್ಚಾಗಿಯೇ ಉಳಿಯುತ್ತದೆ. ದೊಡ್ಡವರ ಕ್ಷಯರೋಗ ಶ್ವಾಸಕೋಶದ ತುದಿಯನ್ನು ಹಿಡಿಯುವುದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ.

## ಬುಡ ಮುಚ್ಚಿಕೊಂಡಾಗ

ಇಲ್ಲಿಯವರೆಗಿನ ಮಾತೆಲ್ಲ ಸಾಧಾರಣ ಉಸಿರಾಟಕ್ಕೆ ಅನ್ವಯ. ಈಗ ಆದಷ್ಟೂ ಉಸಿರು ಹೊರಹಾಕಿ, ಇನ್ನು ಸಾಧ್ಯವೇ ಇಲ್ಲ ಎನ್ನುವವರೆಗೆ ಹೋಗಿ. ಶ್ವಾಸಕೋಶ ತೀರಾ ಸಣ್ಣದಾಗುತ್ತದೆ, ಎಲ್ಲ ಕಡೆಯ ಎಳೆತವೂ ಇಳಿಯುತ್ತದೆ. ತುದಿಯಲ್ಲಿ ಇನ್ನೂ 4ರಷ್ಟು ಉಳಿದಿರುತ್ತದೆ. ಬುಡದಲ್ಲಿ ಅದು ಸೊನ್ನೆಯನ್ನೂ ದಾಟಿ, ಹೊರಗಿನಿಂದ 3.5ರಷ್ಟು ಅದುಮುವ ಒತ್ತಡವಾಗಿಬಿಡುತ್ತದೆ. ಅಲ್ಲಿನ ಸಣ್ಣ ಗಾಳಿನಾಳಗಳಿಗೆ ಮೃದ್ವಸ್ಥಿಯ ಆಸರೆಯಿಲ್ಲ. ಸುತ್ತಲಿನ ಅಂಗಾಂಶದ ಎಳೆತ ಹೋದರೆ ಅವು ಮುಚ್ಚಿಕೊಳ್ಳುತ್ತವೆ, ಗೂಡುಗಳಲ್ಲಿ ತುಸು ಗಾಳಿ ಸಿಕ್ಕಿಬೀಳುತ್ತದೆ. ಈ ಸ್ಥಿತಿಯಿಂದ ಉಸಿರು ಎಳೆಯಲು ಶುರುಮಾಡಿದರೆ ಮೊದಲ ಗಾಳಿ ಹೋಗುವುದು ತುದಿಗೆ. ಬುಡಕ್ಕೆ ಏನೂ ಹೋಗುವುದಿಲ್ಲ, ಅದುಮುವಿಕೆ ತೀರಿ ನಾಳಗಳು ಮತ್ತೆ ತೆರೆಯುವವರೆಗೆ.

ಅಂದರೆ ಬುಡ ಚೆನ್ನಾಗಿ ಉಸಿರಾಡುತ್ತದೆ ಎಂಬ ನಿಯಮಕ್ಕೆ ಒಂದು ಷರತ್ತಿದೆ: ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಸಾಕಷ್ಟು ಗಾಳಿ ಉಳಿದಿರಬೇಕು. ವಯಸ್ಕರಲ್ಲಿ ಹೀಗೆ ಉಳಿಯುವುದು ಸುಮಾರು ಎರಡೂವರೆ ಲೀಟರ್. ಯಾವ ಗಾತ್ರಕ್ಕೆ ಇಳಿದಾಗ ಬುಡದ ನಾಳಗಳು ಮುಚ್ಚತೊಡಗುತ್ತವೋ ಅದನ್ನು ಮುಚ್ಚುವ ಮಟ್ಟ ಎನ್ನೋಣ. ಆರೋಗ್ಯವಂತ ಯುವಕರಲ್ಲಿ ಆ ಮಟ್ಟ ಬಹಳ ಕೆಳಗಿರುತ್ತದೆ, ದಿನನಿತ್ಯದ ಉಸಿರಾಟ ಅಲ್ಲಿಗೆ ಮುಟ್ಟುವುದೇ ಇಲ್ಲ. ವಯಸ್ಸಾದಂತೆ ಶ್ವಾಸಕೋಶದ ಸ್ಥಿತಿಸ್ಥಾಪಕತೆ ಕುಂದಿ ಆ ಮಟ್ಟ ಮೇಲೇರುತ್ತದೆ. 65ರ ಆಸುಪಾಸಿನಲ್ಲಿ, ಕೂತೇ ಇದ್ದರೂ ಸಾಧಾರಣ ಉಸಿರಿನ ಕೊನೆಯಲ್ಲಿ ಬುಡದ ಕೆಲವು ನಾಳಗಳು ಮುಚ್ಚಿ ತೆರೆಯತೊಡಗುತ್ತವೆ. ಧೂಮಪಾನಿಗಳಲ್ಲಿ ಇದು ಇನ್ನೂ ಬೇಗ.

## ಅಂಗಾತ ಮಲಗಿದಾಗ

ಅಂಗಾತ ಮಲಗಿದರೆ ಗುರುತ್ವದ ದಿಕ್ಕಿನಲ್ಲಿ ಕೆಳಗಿರುವುದು ಬುಡವಲ್ಲ, ಬೆನ್ನು. ತುದಿ ಮತ್ತು ಬುಡದ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಅದರ ಬದಲು ಎದೆಯ ಕಡೆಯ ಭಾಗಕ್ಕಿಂತ ಬೆನ್ನಿನ ಕಡೆಯ ಭಾಗಕ್ಕೆ ಗಾಳಿಯಾಟ ಹೆಚ್ಚಾಗುತ್ತದೆ. ಎದೆಯಿಂದ ಬೆನ್ನಿಗೆ ಇರುವ ಅಂತರ ತುದಿಯಿಂದ ಬುಡಕ್ಕಿರುವುದಕ್ಕಿಂತ ಕಡಿಮೆಯಾದ್ದರಿಂದ ವ್ಯತ್ಯಾಸವೂ ಕಡಿಮೆ.

ದಿಕ್ಕು ಬದಲಾಗುವುದಕ್ಕಿಂತ ದೊಡ್ಡ ತೊಂದರೆ ಬೇರೆಯಿದೆ. ಮಲಗಿದಾಗ ಹೊಟ್ಟೆಯ ಅಂಗಗಳು ವಪೆಯನ್ನು ಎದೆಯೊಳಕ್ಕೆ ತಳ್ಳುತ್ತವೆ. ಉಸಿರು ಬಿಟ್ಟ ಮೇಲೆ ಉಳಿಯುವ ಗಾಳಿ ಅರ್ಧದಿಂದ ಒಂದು ಲೀಟರಿನಷ್ಟು ಕಡಿಮೆಯಾಗುತ್ತದೆ. ಮುಚ್ಚುವ ಮಟ್ಟ ಇದ್ದಲ್ಲೇ ಇರುತ್ತದೆ, ಉಳಿದ ಗಾಳಿ ಮಾತ್ರ ಅದರ ಹತ್ತಿರಕ್ಕೆ ಇಳಿಯುತ್ತದೆ. ಕೂತಾಗ 65ರಲ್ಲಿ ಕಾಣುವ ನಾಳ ಮುಚ್ಚುವಿಕೆ ಮಲಗಿದಾಗ 45ರ ಹೊತ್ತಿಗೇ ಶುರುವಾಗುತ್ತದೆ. ಹೊಟ್ಟೆ ದಪ್ಪವಿದ್ದವರಲ್ಲಿ, ತುಂಬು ಗರ್ಭಿಣಿಯರಲ್ಲಿ ವಪೆಯನ್ನು ತಳ್ಳುವ ಭಾರ ಇನ್ನೂ ಹೆಚ್ಚು.

ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಯಾದವರಲ್ಲಿ ಇದೆಲ್ಲ ಒಟ್ಟಿಗೆ ಸೇರಿಕೊಳ್ಳುತ್ತದೆ. ಅರಿವಳಿಕೆಯಿಂದ ಶ್ವಾಸಕೋಶದ ಗಾತ್ರ ಇಳಿದಿದೆ, ನೋವಿನಿಂದ ಉಸಿರು ಮೇಲುಮೇಲಾಗಿದೆ, ರೋಗಿ ಅಂಗಾತ ಮಲಗಿದ್ದಾರೆ. ಕೆಳಭಾಗದ ನಾಳಗಳು ಮುಚ್ಚಿಯೇ ಉಳಿದರೆ ಅವುಗಳ ಆಚೆಯ ಗೂಡುಗಳಲ್ಲಿ ಸಿಕ್ಕಿಬಿದ್ದ ಗಾಳಿಯನ್ನು ರಕ್ತ ಹೀರಿಕೊಳ್ಳುತ್ತದೆ, ಗೂಡುಗಳು ಕುಸಿಯುತ್ತವೆ. ಸ್ಟೆತಸ್ಕೋಪ್ ಇಟ್ಟರೆ ಬೆನ್ನಿನ ಕೆಳಭಾಗದಲ್ಲಿ ಉಸಿರಿನ ಸದ್ದು ಕ್ಷೀಣವಾಗಿ ಕೇಳುತ್ತದೆ, ಅಥವಾ ಉಸಿರು ಎಳೆದಾಗ ಮುಚ್ಚಿದ ನಾಳಗಳು ತೆರೆಯುವ ಚಟಚಟ ಸದ್ದು ಬರುತ್ತದೆ. ಆಕ್ಸಿಮೀಟರಿನ ಅಂಕಿ ಮೆಲ್ಲಗೆ ಇಳಿಯುತ್ತದೆ.

ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತುವುದು, ಸಾಧ್ಯವಾದ ಕೂಡಲೇ ಕುರ್ಚಿಯಲ್ಲಿ ಕೂರಿಸುವುದು ಇದಕ್ಕೇ. ಹೊಟ್ಟೆಯ ಅಂಗಗಳು ಕೆಳಗಿಳಿದು ವಪೆಗೆ ಜಾಗ ಸಿಗುತ್ತದೆ. ಆದರೆ ಎತ್ತಿದ ಹಾಸಿಗೆಯಲ್ಲಿ ರೋಗಿ ಕೆಳಕ್ಕೆ ಜಾರಿ, ಸೊಂಟದ ಬದಲು ಎದೆಯ ಹತ್ತಿರ ಮಡಚಿಕೊಂಡರೆ ಹೊಟ್ಟೆ ಅದುಮಿ ಉದ್ದೇಶವೇ ಕೆಡುತ್ತದೆ. ಕೋನ ಸರಿಯಿದ್ದೂ ಫಲ ಕಾಣದಿದ್ದರೆ ಮೊದಲು ನೋಡಬೇಕಾದ್ದು ಇದನ್ನು. ಕೂತ ಮೇಲೆ ನಿಧಾನವಾಗಿ ಆಳಕ್ಕೆ ಉಸಿರೆಳೆದು ಮೂರರಿಂದ ಐದು ಸೆಕೆಂಡು ಹಿಡಿದಿಡಲು ಹೇಳುತ್ತಾರೆ. ಮುಚ್ಚಿದ ನಾಳ ತೆರೆಯಲು ಎಳೆತದ ಜೊತೆ ಸಮಯವೂ ಬೇಕು. ಚುಟುಕಾದ, ವೇಗದ ಉಸಿರು ಈಗಾಗಲೇ ತೆರೆದಿರುವ ಭಾಗಗಳಲ್ಲೇ ಆಡಿ ಹೊರಬರುತ್ತದೆ.

## ಮಗ್ಗುಲಿಗೆ ಮಲಗಿದಾಗ

ಒಂದು ಮಗ್ಗುಲಿಗೆ ಮಲಗಿದರೆ ಒಂದು ಶ್ವಾಸಕೋಶ ಪೂರ್ತಿಯಾಗಿ ಕೆಳಗೆ, ಇನ್ನೊಂದು ಮೇಲೆ. ಸ್ವಂತವಾಗಿ ಉಸಿರಾಡುತ್ತಿರುವ ವಯಸ್ಕರಲ್ಲಿ ಕೆಳಗಿನದಕ್ಕೆ ಗಾಳಿಯಾಟ ಹೆಚ್ಚು. ಮೇಲೆ ವಿವರಿಸಿದ ಎಳೆತದ ಲೆಕ್ಕ ಇಲ್ಲೂ ಅನ್ವಯಿಸುತ್ತದೆ, ಜೊತೆಗೆ ವಪೆಯ ಕೊಡುಗೆಯೂ ಇದೆ. ಹೊಟ್ಟೆಯ ಭಾರ ಕೆಳಗಿನ ಬದಿಯ ವಪೆಯನ್ನು ಎದೆಯೊಳಕ್ಕೆ ಹೆಚ್ಚು ನೂಕಿರುತ್ತದೆ. ಹೀಗೆ ಹಿಗ್ಗಿದ ಸ್ನಾಯು ಹೆಚ್ಚು ಬಲದಿಂದ ಸಂಕುಚಿಸಿ, ಹೆಚ್ಚು ದೂರ ಇಳಿಯುತ್ತದೆ. ರಕ್ತವೂ ಕೆಳಗಿನ ಶ್ವಾಸಕೋಶಕ್ಕೇ ಹೆಚ್ಚು.

ಮೊದಲು ಹೇಳಿದ ನ್ಯುಮೋನಿಯಾ ರೋಗಿಯ ಲೆಕ್ಕವನ್ನು ಈಗ ಬಿಡಿಸಬಹುದು. ಎಡ ಶ್ವಾಸಕೋಶ ಚೆನ್ನಾಗಿದೆ, ಅದರ ಮೂಲಕ ಹಾದ ರಕ್ತದ ಹಿಮೋಗ್ಲೋಬಿನ್ 98 ಪ್ರತಿಶತ ಆಮ್ಲಜನಕ ತುಂಬಿಕೊಂಡು ಹೊರಡುತ್ತದೆ. ಬಲಗಡೆ ಸೋಂಕಿನ ದ್ರವ ತುಂಬಿದ ಗೂಡುಗಳಿವೆ, ಅಲ್ಲಿಂದ ರಕ್ತ 85 ಪ್ರತಿಶತದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಬಲ ಮಗ್ಗುಲಿಗೆ ಮಲಗಿದಾಗ ರಕ್ತದ 65 ಪಾಲು ಕೆಟ್ಟ ಶ್ವಾಸಕೋಶಕ್ಕೆ, 35 ಪಾಲು ಒಳ್ಳೆಯದಕ್ಕೆ ಹೋದರೆ, ಎರಡೂ ಬೆರೆತ ಮೇಲೆ ಸಿಗುವುದು ಸುಮಾರು 90. ಎಡ ಮಗ್ಗುಲಿಗೆ ಹೊರಳಿ ಪಾಲು ಅದಲುಬದಲಾದರೆ 93ಕ್ಕಿಂತ ತುಸು ಹೆಚ್ಚು.

ಒಳ್ಳೆಯ ಶ್ವಾಸಕೋಶ ತುಸು ಹೆಚ್ಚು ದುಡಿದು ಕೊರತೆ ತುಂಬಿಕೊಡಬಾರದೇ ಎಂದು ಕೇಳಬಹುದು. ಅಲ್ಲಿನ ಹಿಮೋಗ್ಲೋಬಿನ್ ಈಗಾಗಲೇ 98 ಮುಟ್ಟಿದೆ, ಎಷ್ಟೇ ಗಾಳಿ ಆಡಿಸಿದರೂ 100 ದಾಟಲಾರದು. ಕೊರತೆ ತುಂಬಲು ಇರುವ ದಾರಿ, ಹೆಚ್ಚು ರಕ್ತವನ್ನು ಆ ಕಡೆಗೆ ಹರಿಸುವುದು. ಆದ್ದರಿಂದಲೇ ಒಂದೇ ಕಡೆ ಕಾಯಿಲೆಯಿರುವ ವಯಸ್ಕರಿಗೆ ಒಳ್ಳೆಯ ಶ್ವಾಸಕೋಶ ಕೆಳಗಿರುವಂತೆ ಮಲಗಿ ಎನ್ನುವುದು.

## ಬೋರಲು ಮಲಗಿದಾಗ

ಬೋರಲು ಮಲಗಿದರೆ ಎದೆ ಕೆಳಗೆ, ಬೆನ್ನು ಮೇಲೆ. ಅಂಗಾತ ಮಲಗಿದ ಸ್ಥಿತಿಯನ್ನು ಬರೀ ತಿರುವಿಹಾಕಿದಂತೆ ಆಗಬೇಕಿತ್ತು, ಹಾಗಾಗುವುದಿಲ್ಲ. ಮೇಲಿನ ಮತ್ತು ಕೆಳಗಿನ ಭಾಗಗಳ ನಡುವಿನ ವ್ಯತ್ಯಾಸವೇ ಕಡಿಮೆಯಾಗಿ, ಗಾಳಿ ಹೆಚ್ಚು ಸಮನಾಗಿ ಹರಡುತ್ತದೆ. ಅಂಗಾತ ಮಲಗಿದಾಗ ಹೃದಯ ಶ್ವಾಸಕೋಶದ ಒಂದು ಭಾಗದ ಮೇಲೆ ಭಾರ ಹಾಕಿ ಕೂತಿರುತ್ತದೆ. ಬೋರಲಾದಾಗ ಅದು ಎದೆಮೂಳೆಯ ಮೇಲೆ ಒರಗುತ್ತದೆ. ಇನ್ನೊಂದು ಕಾರಣ ಆಕಾರದ್ದು. ಶ್ವಾಸಕೋಶದ ಹೆಚ್ಚಿನ ಅಂಗಾಂಶ ಇರುವುದು ಬೆನ್ನಿನ ಕಡೆ. ಅಂಗಾತ ಮಲಗಿದಾಗ ಆ ದೊಡ್ಡ ಭಾಗವೇ ಅದುಮಿಸಿಕೊಳ್ಳುತ್ತದೆ, ಬೋರಲಾದಾಗ ಅದುಮಿಸಿಕೊಳ್ಳುವುದು ಎದೆಯ ಕಡೆಯ ಸಣ್ಣ ಭಾಗ.

ಎರಡೂ ಶ್ವಾಸಕೋಶ ತೀವ್ರವಾಗಿ ಊದಿಕೊಂಡು ದ್ರವ ತುಂಬಿದ ಎಆರ್‌ಡಿಎಸ್ ಎಂಬ ಸ್ಥಿತಿಯಲ್ಲಿ ಶ್ವಾಸಕೋಶದ ತೂಕ ಬಹಳ ಹೆಚ್ಚಾಗಿರುತ್ತದೆ, ಹೀಗಾಗಿ ಬೆನ್ನಿನ ಕಡೆಯ ಕುಸಿತವೂ ಹೆಚ್ಚು. ರೋಗಿಯನ್ನು ಬೋರಲು ಹಾಕಿದರೆ ಆ ಭಾಗ ತೆರೆದುಕೊಳ್ಳುತ್ತದೆ. ರಕ್ತ ಮಾತ್ರ ಬೆನ್ನಿನ ಕಡೆ ಹರಿಯುವುದನ್ನು ಪೂರ್ತಿ ಬಿಡುವುದಿಲ್ಲ, ಯಾಕೆಂದರೆ ಅದರ ಹಂಚಿಕೆಯಲ್ಲಿ ರಕ್ತನಾಳಗಳು ಕವಲೊಡೆದ ರೀತಿಗೂ ಪಾತ್ರವಿದೆ. ಹೊಸದಾಗಿ ತೆರೆದ ಜಾಗದಲ್ಲಿ ಗಾಳಿ, ರಕ್ತ ಎರಡೂ ಸಿಗುವುದರಿಂದ ಆಮ್ಲಜನಕ ಏರುತ್ತದೆ. 2013ರಲ್ಲಿ ಪ್ರಕಟವಾದ ಪ್ರೊಸೆವಾ ಎಂಬ ಅಧ್ಯಯನದಲ್ಲಿ ತೀವ್ರ ಎಆರ್‌ಡಿಎಸ್ ಇದ್ದ, ವೆಂಟಿಲೇಟರಿನಲ್ಲಿದ್ದ 466 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಪ್ರತಿ ಸಲ ಕನಿಷ್ಠ 16 ಗಂಟೆ ಬೋರಲು ಹಾಕಿದ ಗುಂಪಿನಲ್ಲಿ 28 ದಿನದೊಳಗೆ ತೀರಿಕೊಂಡವರು 16 ಪ್ರತಿಶತ, ಅಂಗಾತವೇ ಇದ್ದ ಗುಂಪಿನಲ್ಲಿ 32.8 ಪ್ರತಿಶತ. ಬೋರಲು ಹಾಕುವುದನ್ನು ಅರ್ಧ ಗಂಟೆಯ ಉಪಚಾರವೆಂದು ಯಾರೂ ತಿಳಿಯಬಾರದು ಎಂಬುದಕ್ಕೆ ಆ 16 ಗಂಟೆಯೇ ಸಾಕ್ಷಿ.

## ಲೆಕ್ಕ ತಿರುಗುವ ಸಂದರ್ಭಗಳು

ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಗೊಳಿಸಿ ವೆಂಟಿಲೇಟರಿನಿಂದ ಉಸಿರಾಡಿಸುವಾಗ ವಪೆ ಸ್ವಂತ ಬಲದಿಂದ ಇಳಿಯುವುದಿಲ್ಲ. ಯಂತ್ರ ತಳ್ಳಿದ ಗಾಳಿ ಕಡಿಮೆ ಅಡ್ಡಿಯಿರುವ ಕಡೆ, ಅಂದರೆ ಮೇಲಿನ ಭಾಗಕ್ಕೆ ಹೆಚ್ಚು ಹೋಗುತ್ತದೆ. ಕೆಳಗಿನದು ಹೊಟ್ಟೆಯ ಭಾರಕ್ಕೆ ಸಿಕ್ಕಿ, ನಾಳಗಳು ಮುಚ್ಚಿಕೊಳ್ಳುವಷ್ಟು ಕುಗ್ಗಿ, ಸುಲಭವಾಗಿ ಹಿಗ್ಗದಂತಾಗಿರುತ್ತದೆ. ರಕ್ತ ಮಾತ್ರ ಕೆಳಗೇ ಹರಿಯುತ್ತದೆ. ಹೀಗೆ ಗಾಳಿ ಒಂದು ಕಡೆ, ರಕ್ತ ಇನ್ನೊಂದು ಕಡೆ ಆಗುವುದನ್ನು ತಪ್ಪಿಸಲು, ಉಸಿರು ಬಿಟ್ಟ ಮೇಲೂ ಯಂತ್ರದಿಂದ ಸ್ವಲ್ಪ ಒತ್ತಡ ಉಳಿಸಿ ಕೆಳಗಿನ ಗೂಡುಗಳನ್ನು ತೆರೆದಿಡುತ್ತಾರೆ.

ಎಳೆಯ ಶಿಶುಗಳಲ್ಲೂ ಮಗ್ಗುಲಿನ ಲೆಕ್ಕ ತಿರುಗುಮುರುಗು. ಅವರ ಎದೆಗೂಡು ಮೆತ್ತಗಿರುವುದರಿಂದ ಶ್ವಾಸಕೋಶವನ್ನು ಗಟ್ಟಿಯಾಗಿ ಹಿಗ್ಗಿಸಿ ಹಿಡಿಯಲಾರದು, ಕೆಳಗಿನ ಭಾಗದ ನಾಳಗಳು ಸಾಧಾರಣ ಉಸಿರಿನಲ್ಲೇ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಗಾಳಿಯಾಟ ಮೇಲಿನ ಶ್ವಾಸಕೋಶಕ್ಕೇ ಹೆಚ್ಚು. ಒಂದೇ ಕಡೆ ಕಾಯಿಲೆಯಿರುವ ಶಿಶುವಿಗೆ ಒಳ್ಳೆಯದು ಮೇಲಿರುವ ಭಂಗಿಯೇ ಅನುಕೂಲವಾಗುವುದುಂಟು.

ವಯಸ್ಕರಲ್ಲೂ ಒಂದು ಅಪವಾದವಿದೆ. ಒಂದು ಶ್ವಾಸಕೋಶದಿಂದ ರಕ್ತ ಸುರಿಯುತ್ತಿದ್ದರೆ, ಅಥವಾ ಕೀವು ತುಂಬಿದ ಬಾವು ಒಡೆದಿದ್ದರೆ, ಒಳ್ಳೆಯದನ್ನು ಕೆಳಗೆ ಹಾಕಿದಾಗ ಆ ರಕ್ತವೋ ಕೀವೋ ಶ್ವಾಸನಾಳದ ಮೂಲಕ ಅದರೊಳಕ್ಕೇ ಇಳಿಯುತ್ತದೆ. ಆಗ ಆಕ್ಸಿಮೀಟರಿನ ಎರಡು ಮೂರು ಅಂಕಿಗಿಂತ ಉಳಿದಿರುವ ಒಂದು ಶ್ವಾಸಕೋಶವನ್ನು ಕಾಪಾಡುವುದು ಮುಖ್ಯವಾದ್ದರಿಂದ, ಕೆಟ್ಟ ಕಡೆಯನ್ನೇ ಕೆಳಗೆ ಮಾಡಿ ಮಲಗಿಸುತ್ತಾರೆ.